ಸಿಸ್ಟರ್ ನೋಡಿದ ನಕ್ಷೆ

ಇಂಗ್ಲಿಷ್ ಪರೀಕ್ಷೆಗೆ ತರಬೇತಿ ಕೊಡುವ ಮೇಷ್ಟರಿಗೆ ಆ ಸಿಸ್ಟರ್ ಎಂದರೆ ತಲೆನೋವು. ಇಪ್ಪತ್ತು ವರ್ಷ ವಾರ್ಡಿನಲ್ಲಿ ದುಡಿದ ನರ್ಸ್, ಆಲಿಸುವ ವಿಭಾಗದಲ್ಲಿ, ದಾರಿ ಹೇಳುವುದನ್ನು ಕೇಳಿ ಕಟ್ಟಡ ಗುರುತಿಸುವ ನಕ್ಷೆ ಬಂದರೆ ಎಡವನ್ನೆಲ್ಲ ಬಲ ಮಾಡಿ ಐದೂ ಅಂಕ ಕಳೆದುಕೊಳ್ಳುತ್ತಿದ್ದರು. ಹೊರದೇಶದ ಆಸ್ಪತ್ರೆಯ ಕೆಲಸ ಎರಡು ಸಲ ಇದರಿಂದಲೇ ಕೈತಪ್ಪಿತ್ತು. ಮೂರನೆಯ ಪರೀಕ್ಷೆ ನಾಳೆ.

"ಸಿಸ್ಟರ್, ಗೇಟು ಹಾಳೆಯ ಕೆಳಗಿದೆ. ಅಲ್ಲಿಂದ ಮೇಲಕ್ಕೆ ನಡೆಯೋರ ಎಡ ನಿಮ್ಮ ಎಡಾನೇ ಅಲ್ವಾ?"

"ಏನ್ ಮಾಡ್ಲಿ ಸರ್, ಎಡ ಅಂದ್ರೆ ಎದುರು ಕೂತಿರೋ ಪೇಷಂಟಿನ ಎಡ ಅಂತ ಕೈ ತಾನಾಗೇ ಬಲಕ್ಕೆ ಹೋಗುತ್ತೆ."

"ಹಾಗಾದ್ರೆ ಪೇಷಂಟ್ ನಿಮಗೆ ಬೆನ್ನು ಹಾಕಿ ಹೋಗ್ತಿದಾನೆ ಅಂದ್ಕೊಳ್ಳಿ," ಎಂದರು ಮೇಷ್ಟರು, ಬೇಸತ್ತು.

ಸಿಸ್ಟರ್ ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡಿದರು. ಅಂಥ ಮತ್ತೆರಡು ನಕ್ಷೆ ಕೊಟ್ಟಾಗ ಒಂದು ಉತ್ತರವೂ ತಪ್ಪಾಗಲಿಲ್ಲ.

ಮೇಷ್ಟರು ಎಲ್ಲರ ಬೆವರಿಳಿಸುವ ನಕ್ಷೆ ತೆಗೆದರು. ಇದರಲ್ಲಿ ಗೇಟು ಹಾಳೆಯ ಮೇಲ್ತುದಿಯಲ್ಲಿ, ನಡೆಯುವವರು ಅಲ್ಲಿಂದ ಕೆಳಕ್ಕೆ ಬರಬೇಕು. ಒಂದೇ ಸಲ ಕೇಳಿಸುವ ಧ್ವನಿಮುದ್ರಣ, ಕಾರಂಜಿ ದಾಟಿದ ಮೇಲೆ ನಿಮ್ಮ ಎಡಕ್ಕೆ ಎರಡನೆಯ ಕಟ್ಟಡ ಕ್ಯಾಂಟೀನು, ಅದರ ಎದುರಿಗೆ ಗ್ರಂಥಾಲಯ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಹೋಯಿತು. ತರಗತಿಯ ಉಳಿದವರು ಹಾಳೆ ತಿರುಗಿಸುವಷ್ಟರಲ್ಲಿ ಮುಂದಿನ ಉತ್ತರ ದಾಟಿಹೋಗಿತ್ತು. ಹನ್ನೊಂದು ವರ್ಷದಿಂದ ಪಾಠ ಹೇಳುತ್ತಿದ್ದ ಮೇಷ್ಟರೂ ಕತ್ತು ತಿರುಚಿಕೊಂಡು ಕೂತಿದ್ದರು. ಸಿಸ್ಟರ್ ಮಾತ್ರ ಹಾಳೆ ಅಲುಗಿಸಲಿಲ್ಲ. ಐದಕ್ಕೆ ಐದೂ ಸರಿ.

"ಇದು ಹೇಗೆ ಸಿಸ್ಟರ್?"

"ಈ ಸಲ ಆ ಪೇಷಂಟ್ ನನ್ನ ಕಡೆಗೇ ಮುಖ ಮಾಡಿ ಬರ್ತಿದ್ನಲ್ಲ ಸರ್."

ಮೇಷ್ಟರು ಬೆರಗಾಗಿ ನಕ್ಷೆಯ ಖಾಲಿ ಹಾದಿಯನ್ನು ನೋಡಿದರು. ಅವರಿಗೆ ಅಲ್ಲಿ ಗೆರೆಗಳಷ್ಟೇ ಕಂಡವು. ಕುರ್ಚಿಯನ್ನು ಸಿಸ್ಟರ್ ಪಕ್ಕಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ," ಎಂದರು.