ಮೊಮ್ಮಗಳ ಫೋಟೊ ಹಂಚಲು ಹೋಗಿ ತಂದ ವೈರಸ್

ಮೊಮ್ಮಗಳು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಅಳಿಯನ ಹಳೇ ಕ್ಯಾಮೆರಾ ಫೋನಲ್ಲಿ ನಾನೇ ಒಂದು ಫೋಟೊ ತೆಗೆದೆ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ಬಿಟ್ಟು ನನ್ನನ್ನೇ ನೋಡ್ತಿದ್ದಳು. ಆಮೇಲೆ ತೆಗೆದ ಫೋಟೊಗಳೆಲ್ಲ ಮಸುಕಾಗಿ ಕೆಟ್ಟವು. ಉಳಿದದ್ದು ಅದೊಂದೇ. ಅಳಿಯ ಆ ಫೋನನ್ನು ನನಗೇ ಕೊಟ್ಟುಬಿಟ್ಟ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ತಗೊಂಡು ಹೋದಾಗೆಲ್ಲ ಕಂಡಕಂಡವರಿಗೆ ಬ್ಲೂಟೂತಲ್ಲಿ ಅದನ್ನ ಕಳಿಸ್ತಿದ್ದೆ. ಬ್ಲೂಟೂತ್ ಯಾವಾಗಲೂ ಆನ್. ಒಂದು ದಿನ ಫೋನು ಏನೋ ಕೇಳಿತು. ಇಂಗ್ಲಿಷ್ ಓದಕ್ಕೆ ಬರಲ್ಲ, 'ಎಸ್', 'ನೋ' ಅಷ್ಟೇ ಗೊತ್ತು. 'ನೋ' ಒತ್ತಿದೆ. ಮತ್ತೆ ಕೇಳಿತು. ಮತ್ತೆ 'ನೋ', ಮತ್ತೆ ಅದೇ. ಯಾರೋ ತಮ್ಮ ಮಗೂದು ಕಳಿಸ್ತಿದಾರೇನೋ ಅಂತ 'ಎಸ್' ಒತ್ತಿದೆ. ಬಂದಿದ್ದನ್ನ ತೆರೆದರೆ ಇನ್ನೊಂದು ಉದ್ದನೆ ಇಂಗ್ಲಿಷ್ ಸಾಲು, ಪಕ್ಕದಲ್ಲಿ ಆಶ್ಚರ್ಯದ ಗುರುತು. ಅದಕ್ಕೂ 'ಎಸ್'.

ಅವತ್ತಿಂದ ಬೆಳಿಗ್ಗೆ ಚಾರ್ಜ್ ಮಾಡಿದ್ದು ಮಧ್ಯಾಹ್ನಕ್ಕೆ ಖಾಲಿ. ಗೂಡು ಕೊಂಡು ನೂಲು ತೆಗೆಯೋ ರೀಲರ್ ಒಬ್ಬ, "ಏನಯ್ಯಾ ಯಜಮಾನ, ನಿನ್ನ ಫೋನಿಂದ ತಾನಾಗೇ ಏನೇನೋ ಬರ್ತಿದೆ, ಮೊಮ್ಮಗಳ ಹೆಸರಲ್ಲಿ ನಮಗೆಲ್ಲ ರೋಗ ಹಂಚ್ತಿದೀಯ" ಅಂತ ರೇಗಿದ. ಇವನೇ ನನಗೆ ಹಂಚಿರಬೇಕು ಅಂತ ನನ್ನ ಗುಮಾನಿ.

ಬಸ್ ನಿಲ್ದಾಣದ ಹತ್ತಿರದ ಮೊಬೈಲ್ ಅಂಗಡಿಯವನು ನೋಡಿ, "ವೈರಸ್ ತಾತ. ಫಾರ್ಮ್ಯಾಟ್ ಮಾಡಿ ಆಂಟಿವೈರಸ್ ಹಾಕ್ತೀನಿ" ಅಂದ.

"ಫೋಟೊ?"

"ಎಲ್ಲಾ ಹೋಗುತ್ತೆ. ಇನ್ನೊಂದು ತೆಕ್ಕೊಳಿ."

"ಮಗು ಇನ್ನೊಂದ್ಸಲ ಹುಟ್ಟತ್ತೇನಪ್ಪಾ?"

ಅವನು ನಗುತ್ತಾ, "ಸರಿ, ಮೊದ್ಲು ಆಂಟಿವೈರಸ್ ಹಾಕಿ ನೋಡಣ" ಅಂದು ತನ್ನ ಫೋನಿಂದ ಬ್ಲೂಟೂತಲ್ಲೇ ಏನೋ ಕಳಿಸಿದ. ನನ್ನ ಫೋನಲ್ಲಿ ಅದೇ ಉದ್ದನೆ ಸಾಲು, ಅದೇ ಆಶ್ಚರ್ಯದ ಗುರುತು! ಅವನ ಬೆರಳು 'ಎಸ್' ಕಡೆಗೆ ಹೋಯಿತು. ಫೋನು ಕಿತ್ಕೊಂಡೆ. ರೋಗಾನೂ ಔಷಧೀನೂ ಒಂದೇ ಬಾಗಿಲಲ್ಲಿ ಬಂದರೆ ಯಾವುದು ಯಾವುದು ಅಂತ ಹೇಗೆ ನಂಬೋದು?

ಚಿಕ್ಕಬಳ್ಳಾಪುರದಲ್ಲಿ ನನ್ನ ಮಗಳು ಶಾಲೇಲಿ ಕಂಪ್ಯೂಟರ್ ಹೇಳಿಕೊಡ್ತಾಳೆ. ನೇರ ಅವಳ ಮನೆಗೆ ಹೋದೆ. ಮಗೂನ ನನ್ನ ತೊಡೆ ಮೇಲೆ ಹಾಕಿ ಫೋನ್ ತಗೊಂಡಳು. ಮೊದಲು ಬ್ಲೂಟೂತ್ ಆಫ್ ಮಾಡಿದಳು.

"ಆ ಸಾಲಲ್ಲಿ ಏನಿದೆಯಮ್ಮ?"

"ಇದನ್ನ ಮಾಡಿದೋರು ಯಾರೋ ಗೊತ್ತಿಲ್ಲ, ಆದ್ರೂ ಹಾಕ್ಲಾ ಅಂತಪ್ಪ. ಈ ವೈರಸ್ ತಾನಾಗೇ ಒಳಗೆ ಬರಲ್ಲ. ನೀನು 'ಎಸ್' ಅಂದಿದ್ದಕ್ಕೇ ಬಂತು."

"ಹಂಗಾದ್ರೆ ಆಂಟಿವೈರಸ್ ಬೇಡ್ವಾ?"

"ಕೇಳದೇ ಬಂದಿದ್ದನ್ನ ಹಾಕ್ಕೊಳ್ದಿದ್ರೆ ನಿನ್ನ ಫೋನಿಗೆ ಯಾಕೆ ಬೇಕು? ಅಂಗಡಿಯವನು ಕೊಟ್ಟಿದ್ದು ಎಲ್ಲಿಂದ ಬಂತೋ ಅವನಿಗೇ ಗೊತ್ತಿರಲ್ಲ. ಬ್ಲೂಟೂತ್ ಕೆಲಸ ಆದ ತಕ್ಷಣ ಆಫ್ ಮಾಡು. 'ನೋ' ಅಂದ್ರೂ ಮತ್ತೆ ಮತ್ತೆ ಕೇಳಿದ್ರೆ ಎದ್ದು ದೂರ ಹೋಗು, ಬ್ಲೂಟೂತ್ ಹತ್ತಿರ ಇದ್ರೆ ಮಾತ್ರ ತಲುಪತ್ತೆ."

ಕೇಬಲ್ ಹಾಕಿ ಫೋಟೊನ ಕಂಪ್ಯೂಟರಿಗೆ ಇಳಿಸಿದಳು. ಈಗ ಫಾರ್ಮ್ಯಾಟ್ ಮಾಡ್ತೀನಿ ಅಂದಾಗ ಮಗಳ ಮೇಲೂ ಅನುಮಾನ ಬಂತು. "ತಾಳು, ಪರದೆ ಮೇಲೆ ತೋರಿಸು" ಅಂದೆ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ಬಿಟ್ಟು, ಅಷ್ಟು ದೊಡ್ಡದಾಗಿ! ಆಮೇಲೇ ಒಪ್ಪಿದ್ದು. ಫೋನು ಬರಿದಾದ ಮೇಲೆ ಅದೊಂದನ್ನೇ ವಾಪಸ್ ಹಾಕಿಕೊಟ್ಟಳು.

ಮುಂದಿನ ಸಲ ಮಾರುಕಟ್ಟೇಲಿ ಅದೇ ರೀಲರ್, "ಎಲ್ಲಯ್ಯಾ, ಮೊಮ್ಮಗಳನ್ನ ಕಳಿಸಲ್ವಾ?" ಅಂತ ಕೆಣಕಿದ.

"ಕಳಿಸಲ್ಲ. ಇಲ್ಲೇ ಬಂದು ನೋಡು" ಅಂತ ಪರದೆ ಹಿಡಿದೆ. ಫೋನನ್ನ ಮಾತ್ರ ಕೈಯಿಂದ ಬಿಡಲಿಲ್ಲ.