ಟೀ ಅಣ್ಣನಿಗೆ ಹೊಂದದ ಶ್ರದ್ಧಾಂಜಲಿ

ಪತ್ರಿಕೆಯ ಶ್ರದ್ಧಾಂಜಲಿ ಪುಟ ನೋಡಿಕೊಳ್ಳುವ ಅಕ್ಕನಿಗೆ ಈಚೆಗೆ ಕುರ್ಚಿಯಲ್ಲಿ ಕೂತರೆ ಸಾಕು, ವಾಕರಿಕೆ. ಸಾವಿನ ಸುದ್ದಿಗಲ್ಲ, ಅದು ತಲೆ ನರೆಯುವಷ್ಟು ಹಳೆಯ ಅಭ್ಯಾಸ. ವಾಕರಿಕೆ ಬರುವುದು ಜನ ಕಳಿಸುವ ಮಾತಿಗೆ. ಬಡಗಿ ಸತ್ತರೂ ದಾರಿದೀಪ, ಊರಿಗೆಲ್ಲ ಟೋಪಿ ಹಾಕಿದವನು ಸತ್ತರೂ ದಾರಿದೀಪ. ಥೂ! ಇಷ್ಟೊಂದು ದೀಪ ಉರಿಯುತ್ತಿದ್ದರೆ ಜನ ಮೋರಿಗೆ ಯಾಕೆ ಬೀಳುತ್ತಿದ್ದರು?

ಅನುಮಾನ ಬಂದರೆ ಅವಳದೊಂದು ಪದ್ಧತಿ. ಸತ್ತವರ ಹೆಸರು ತೆಗೆದು, ಕಚೇರಿಗೆ ಟೀ ತರುವ ಟೀ ಅಣ್ಣನ ಹೆಸರನ್ನು ಅಲ್ಲಿ ಕೂರಿಸಿ ಗಟ್ಟಿಯಾಗಿ ಓದುವುದು. ಮಾತು ಅವನಿಗೂ ಹೊಂದಿದರೆ ಅದು ಯಾರದೂ ಅಲ್ಲ.

ಅವತ್ತು ತಾಯಿಯನ್ನು ಕಳೆದುಕೊಂಡ ಮಗನೊಬ್ಬ ಬಂದ. ಅಕ್ಕ ಅವನ ಬರಹವನ್ನು ಓದಿದಳು: "ಟೀ ಅಣ್ಣ ಕೇವಲ ವ್ಯಕ್ತಿಯಲ್ಲ, ಒಂದು ಶಕ್ತಿ. ಪ್ರೀತಿ, ತ್ಯಾಗ ಮತ್ತು ಸಮರ್ಪಣೆಯ ಸಂಗಮ."

"ಸರಿಯಾಗಿದೆ ಕಣಕ್ಕ," ಟೀ ಅಣ್ಣ ನಕ್ಕ. "ಕೊಡಿ, ನನ್ನ ಹೆಂಡ್ತಿಗೆ ತೋರಿಸ್ಬೇಕು."

ಮಗನ ಮುಖ ಕಪ್ಪಿಟ್ಟಿತು. "ಫೋನಲ್ಲಿ ಎಐಗೆ ಕೇಳಿದೆ, ಬರ್ಕೊಡ್ತು. ಚೆನ್ನಾಗೇ ಇದೆಯಲ್ಲ?"

"ಚೆನ್ನಾಗಿರೋದೇ ಅಸಹ್ಯ. ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ. ಇದನ್ನ ಓದಿದ್ರೆ ನಿಮ್ಮಮ್ಮ ಬದುಕೇ ಇರ್ಲಿಲ್ಲ ಅನ್ಸುತ್ತೆ."

"ನಮ್ಮ ದೊಡ್ಡಮ್ಮ ಹಾಸಿಗೆ ಹಿಡಿದಿದ್ದಾರೆ. ತಂಗಿ ಮುಖ ಕೊನೇ ಸಲ ನೋಡೋಕೂ ಬರಕ್ಕಾಗ್ಲಿಲ್ಲ. ನಾಳೆ ಇದನ್ನೇ ಓದಿಸ್ಕೊಂಡು ಕೇಳೋದು, ಪಾಪ."

"ಅವರಿಗೆ ಈ ಶಕ್ತಿ, ಸಂಗಮ ಕೇಳಿಸ್ತೀರಾ?" ಅಕ್ಕ ಮುಖ ಕಿವುಚಿದಳು. "ನಿಮ್ಮಮ್ಮ ಯಾವುದಕ್ಕೆ ಬೈತಿದ್ರು, ಅದು ಹೇಳಿ."

ಮಗ ಯೋಚಿಸಿದ. "ಹಗಲು ಬಾಗಿಲು ಹಾಕಿದ್ರೆ. 'ಬಂದವರು ವಾಪಸ್ ಹೋಗ್ತಾರಲ್ಲೋ' ಅಂತ. ಬಸ್ಸಲ್ಲಿ ಪಕ್ಕದವರ ಮನೆ ಕಥೆ ಕೇಳ್ತಾ ಇಳಿಯೋ ಸ್ಟಾಪೇ ಮರೀತಿದ್ಲು. ಆಸ್ಪತ್ರೇಲೂ ಸುಮ್ನಿರ್ಲಿಲ್ಲ, ಪಕ್ಕದ ಮಂಚದವಳಿಗೆ ಜಡೆ ಹಾಕೋಳು. ಇದನ್ನೆಲ್ಲ ಪೇಪರಲ್ಲಿ ಹಾಕ್ತಾರಾ?"

"ಇದನ್ನಲ್ದೆ ಇನ್ನೇನು ಹಾಕ್ತಾರೆ?"

ಅವನು ಹೇಳಿದ್ದನ್ನು ಅವನ ಮಾತಿನ ಓಟದಲ್ಲೇ ಬರೆದುಕೊಂಡಳು. 'ಕೇವಲ ಅಲ್ಲ' ಹೋಯಿತು. ಮೂರು ಮೂರು ಗುಣ ಪೋಣಿಸಿದ್ದೂ ಹೋಯಿತು. ಕೊನೆಯಲ್ಲಿದ್ದ "ಒಟ್ಟಾರೆಯಾಗಿ ಹೇಳುವುದಾದರೆ" ಕಂಡಾಗಲಂತೂ ಊಟದಲ್ಲಿ ಕೂದಲು ಸಿಕ್ಕವಳ ಹಾಗೆ ಹೊಡೆದುಹಾಕಿದಳು.

"ದಾರಿದೀಪ ಒಂದಾದ್ರೂ ಇರ್ಲಿ, ಮೇಡಂ."

"ಊಹೂಂ. ಆರಿಸಿ ಬಹಳ ಹೊತ್ತಾಯ್ತು."

ಪದ್ಧತಿ ಬಿಡುವ ಹಾಗಿಲ್ಲ. ಮತ್ತೆ ಟೀ ಅಣ್ಣನನ್ನು ಕರೆದು, ಅವನ ಹೆಸರನ್ನೇ ಕೂರಿಸಿ ಓದಿದಳು. ಬಾಗಿಲು, ಬಸ್ಸು, ಜಡೆ. ಈ ಸಲ ಅವನು ನಗಲಿಲ್ಲ.

"ಇದು ನಾನಲ್ಲ ಬಿಡಕ್ಕ. ಬಸ್ ಹತ್ತಿದ್ರೆ ನಾನು ನಿದ್ದೆ ಹೊಡೆಯೋನು."

ಲೋಟಗಳ ತಟ್ಟೆಯನ್ನು ಮೇಜಿನ ಮೇಲಿಟ್ಟು ಮಗನ ಕಡೆ ತಿರುಗಿದ.

"ಯಾವಾಗ ಹೋದ್ರಪ್ಪ, ಅಮ್ಮ?"

ಅಷ್ಟು ಹೊತ್ತು ಮಾತಾಡಿದ್ದ ಮಗ ಅಲ್ಲೇ ಕುಸಿದು ಕೂತು ಅತ್ತ.