ಬರೇ ಒಂದು ಫೋಟೊ ನಂಬರ

ಗಡಹಿಂಗ್ಲಜದಾಗ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದ ನಮ್ಮ ಫೋಟೊ ಸ್ಟುಡಿಯೊ. ಫೋಟೊ ತಗಿಯಾಂವ ನನ್ನ ಗಂಡ, ಕಂಪ್ಯೂಟರ್ ಮುಂದ ಕುಂತು ಅಲ್ಬಮ್ ಕೂಡಿಸಾಕಿ ನಾ. ಬೈಸ್ಕೊಳ್ಳಾಕಿನೂ ನಾನ.

ಅವತ್ತು ನೂಲ ಅನ್ನೂ ಹಳ್ಳಿಯ ಒಂದು ಮದುವಿ ಅಲ್ಬಮ್ ಸಂಜಿ ಐದರೊಳಗ ಕೊಲ್ಲಾಪುರದ ಪ್ರೆಸ್ಸಿಗೆ ಕಳಸೂದಿತ್ತು. ತಪ್ಪಿದ್ರ ರವಿವಾರ ಬೀಗರ ಮನಿ ಕಾರ್ಯಕ್ರಮಕ್ಕ ಅಲ್ಬಮ್ ಕೈಗೆ ಸಿಗಾಂಗಿಲ್ಲ. ಎಲ್ಲಾ ತಯಾರಿತ್ತು. ಮದಲಗಿತ್ತಿಗೆ ಮುಂಜಾನೆನ ವಾಯ್ಸ್ ಮೆಸೇಜ್ ಬಿಟ್ಟಿದ್ದೆ: "ಕವರ್ ಮ್ಯಾಲ ಯಾವ ಫೋಟೊ ಹಾಕೂಣವಾ? ಮತ್ತ ಒಳಗಿಂದ ಯಾವುದರ ತಗೀಬೇಕೇನು? ಫೋಟೊ ಕಳಸಬ್ಯಾಡ, ನಂಬರ ಅಷ್ಟ ಹೇಳು." ಎಲ್ಲಾರಿಗೂ ನಾ ಹೇಳೂದು ಹಿಂಗ. ವಾಟ್ಸಾಪ್‌ನ್ಯಾಗ ಫೋಟೊನ ತಿರುಗಿ ಕಳಿಸಿದ್ರ ಅದು ಯಾವುದಂತ ಹುಡುಕೂದ್ರಾಗ ಜೀವ ಹೋಗತದ. ನಂಬರ ಇದ್ರ ಫೋಲ್ಡರ್‌ನ್ಯಾಗ ಥಟ್ಟನ ಸಿಗತದ.

ಉತ್ತರ ಬಂತು: DSC_0417.JPG. ಅಷ್ಟ. ಫೋಟೊ ಇಲ್ಲ, ಮಾತಿಲ್ಲ. ನಾ "ಹಾಕಲೋ, ತಗೀಲೋ?" ಅಂತ ಕೇಳಿದ್ರ ಮೆಸೇಜಿಗೆ ಒಂದ ಟಿಕ್ ಗೀಟು ಬಿತ್ತು, ಮುಟ್ಟಿತು ಅನ್ನೂ ಎರಡನೇದು ಬೀಳವಲ್ದು. ಫೋನ್ ಹಚ್ಚಿದ್ರ ಬಂದ್. ಹುಡುಗಿ ಕೊಲ್ಲಾಪುರದಾಗ ಪರೀಕ್ಷಾಕ್ಕ ಕುಂತಾಳ ಅನ್ನೂದು ಆಗ ನೆನಪಾತು. ಗೇಟಿನ್ಯಾಗ ಫೋನ್ ಕೊಡೂಮುಂದ ಗಡಿಬಿಡಿಲೆ ಬರದಿರಬೇಕು.

ಫೋಟೊ ತಗದು ನೋಡಿದೆ. ಅದ್ರಾಗ ಹುಡುಗಿ ತನ್ನ ಅವ್ವನ ಬಾಯಾಗ ಪೇಡೆ ತುರುಕಾಕತ್ತಾಳ. ಅವ್ವ ಕುತಗಿ ಹಿಂದಕ್ಕ ಚೆಲ್ಲಿ, ಬಾಯಿ ತುಂಬ ನಗಾಕತ್ತಾಳ. ಮುಂದಿನ ಒಂದು ಹಲ್ಲಿಲ್ಲ, ಖಿಡಕಿ ತಗದಾಂಗ ಕಾಣತದ. ಗಂಡ ತೀರಿಕೊಂಡ ಮ್ಯಾಲ ಕಬ್ಬಿನ ಹೊಲ ಒಬ್ಬಾಕಿನ ನೋಡಿಕೊಂಡು ಮಗಳನ್ನ ಓದಿಸಿದಾಕಿ. ಮದುವಿ ತುಂಬ ಹಿಂದ ಹಿಂದ ನಿಂತು, ಕ್ಯಾಮೆರಾ ಕಂಡ್ರ ಸೆರಗು ಬಾಯಿಗೆ ಒತ್ತಿಕೊಳ್ಳಾಕಿ. ಆಕಿ ಸಿಕ್ಕಿದ್ದು ಇದೊಂದ್ರಾಗ!

"ತಗಿ ಅಂತನ ಅದು," ಅಂದ್ರು ನಮ್ಮವ್ರು. "ಕವರ್ ಮ್ಯಾಲ ಮದಮಗ ಇಲ್ಲದ ಅಲ್ಬಮ್ ಎಲ್ಲ್ಯರ ನೋಡೀಯೇನ? ಬೀಗರು ನನಗ ಹೊಡೀತಾರ."

"ಹೊಡೀಲಿ ಬಿಡ್ರಿ, ನಾ ಕ್ಯಾಮೆರಾ ಹಿಡದು ಅದರ ಫೋಟೊ ತಗೀತೇನಿ," ಅಂದೆ. ನನಗ ಸಿಟ್ಟು ಬಂದಿತ್ತು. ಇಂಥಾ ನಗಿ ತಗದು ಒಗಿಯಾಕ ಕೈ ಹೆಂಗರ ಬರ್ತದ? ಆದ್ರ ಖರೆ ಹೇಳ್ತೇನಿ, ಒಳಗ ಹೆದರಿಕಿನೂ ಇತ್ತು. ತಪ್ಪಿದ್ರ ಆ ಅವ್ವ ಬೀಗರ ಮುಂದ ತಲಿ ತಗ್ಗಿಸಬೇಕಾಗತಿತ್ತು. ಎರಡೂ ಥರ ಫೈಲ್ ಮಾಡಿ ಇಟ್ಟೆ. ಒಂದ್ರಾಗ ಆಕಿ ಕವರ್ ಮ್ಯಾಲ, ಇನ್ನೊಂದ್ರಾಗ ಎಲ್ಲೂ ಇಲ್ಲ.

ಪ್ರೆಸ್ಸಿನಾಂವ ಲಗೂ ಕಳಸಂತ ಎರಡು ಸಲ ಮರಾಠಿಲೆ ಫೋನ್ ಮಾಡಿದ, "ತಾಈ, ಪಾಠವಾ ಕೀ ಲವಕರ!" ಅಂತ. "ಥಾಂಬಾ ಹೋ ಜರಾ!" ಅಂತ ನಾನೂ ತಡಿಯಾಕ ಹೇಳಿ ಒದರಿದೆ.

ಅಷ್ಟರಾಗ ಪ್ಯಾಟಿ ಚೀಲ ಹಿಡ್ಕೊಂಡು ಫೋಟೊದಾಗಿನ ಆ ಅವ್ವ ಖುದ್ದ ಬಾಗಲದಾಗ ಬಂದು ನಿಂತ್ಲು!

"ಅಲ್ರೀ ಬಾಯಾರ, ನನ್ನ ಹಲ್ಲಿಲ್ಲದ ಫೋಟೊ ಒಂದ ಐತಂತಲ್ರಿ? ನನ್ನ ಮಗಳು ಹೇಳಿ ಹೇಳಿ ನಗತಿದ್ಲು. ತಗದಬಿಡ್ರಿ ಅದನ್ನ. ಬೀಗರ ಮಂದಿ ನೋಡಿದ್ರ ಏನಂದಾರು?"

ನಮ್ಮವ್ರು ನನ್ನ ಕಡೆ ನೋಡಿದ ನೋಟ ಏನ ಕೇಳ್ತೀರಿ! ಗೆದ್ದ ಪೈಲ್ವಾನಂಗ ಎದಿ ಉಬ್ಬಿಸಿ ನಿಂತಿದ್ರು. ನನಗ ಅಳುನ ಬಂದಂಗಾತು. ಎರಡನೇ ಫೈಲಿನ ಮ್ಯಾಲ ಕೈ ಇಟ್ಟೆ.

ಫೋನ್ ಬಾರಿಸ್ತು. ಹುಡುಗಿದ! ಮೌಸ್ ಬಿಡದ ಇನ್ನೊಂದು ಕೈಲೆ ಸ್ಪೀಕರ್ ಹಚ್ಚಿದೆ.

"ಅಕ್ಕಾರ, ಈಗ ಹೊರಗ ಬಂದ್ನಿರೀ. ನಂಬರ ಸಿಕ್ತಲ್ರಿ? ಕವರ್ ಮ್ಯಾಲ ಅದ ಇರಲಿ. ನಮ್ಮ ಮನಿಯವರ್ನೂ ಕೇಳೇನಿ. ನಾವಿಬ್ಬರೂ ಇರೂ ಫೋಟೊ ಒಳಗ ರಗಡ ಅದಾವ, ಅವ್ವ ನಕ್ಕದ್ದು ಒಂದ ಐತಿ ಅಂದ್ರು. ಆದ್ರ ಅವ್ವಾಗ ಮಾತ್ರ ಹೇಳಬ್ಯಾಡ್ರಿ ಮತ್ತ!"

ಅವ್ವನ ಕೈ ಸೆರಗಿಗೆ ಹೋತು, ಬಾಯಿ ತನಾನೂ ಬಂತು, ಅಲ್ಲೇ ನಿಂತು ಮತ್ತ ಕೆಳಗ ಇಳೀತು. "ನಿನ್ನ ಬಾಯಿಗೆ ಮಣ್ಣ ಹಾಕ್ಲಿ, ಕೇಳಾಕತ್ತೇನಿ ನಾ!" ಅಂತ ಫೋನಿಗೆ ಬೈದು ನಕ್ಕಬಿಟ್ಲು. ಅದ ನಗಿ, ಅದ ಖಿಡಕಿ. ಕಣ್ಣಾಗ ನೀರು ಬ್ಯಾರೆ.

ನಮ್ಮವ್ರಿಗೆ ಸೋತದ್ದು ಮುಚ್ಚಿಕೊಳ್ಳಬೇಕಾಗಿತ್ತಲ್ಲ, "ಮಾವಶಿ, ಬೇಕಂದ್ರ ಕಂಪ್ಯೂಟರ್‌ನ್ಯಾಗ ಹಲ್ಲು ಕೂಡಿಸ್ತೇವ್ರಿ. ಎರಡ ನಿಮಿಷದ ಕೆಲಸ," ಅಂದ್ರು.

"ಬ್ಯಾಡ್ರಿ," ಅಂದ್ಲು ಅವ್ವ. "ನನ್ನ ಮಗಳು ಹಲ್ಲಿಲ್ಲದಾಕಿನ್ನ ಆರಿಸ್ಯಾಳ."